‘ಯಾದೃಚ್ಛಿಕ’ವಾಗಿ ಪಾಸಾಗುವ ಒಪ್ಪಿಗೆ ಪತ್ರ

ಗದಗ, ಹಾವೇರಿ ಕಡೆ ಹಳ್ಳಿ ಜನರನ್ನು ಔಷಧ ಪರೀಕ್ಷೆಗೆ ಸೇರಿಸಿಕೊಳ್ಳುವ ಮುನ್ನ ಒಪ್ಪಿಗೆ ಪತ್ರದ ಕನ್ನಡ ಪ್ರತಿಯ ಜೊತೆ ಅದರ ಮರು ಅನುವಾದವೂ ಪರೀಕ್ಷೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಮುಂದೆ ಹೋಗುತ್ತದೆ. ಇಂಗ್ಲಿಷ್ ಮೂಲವನ್ನು ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲ ನೋಡಿರದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಒಯ್ಯುತ್ತಾರೆ. ಆಮೇಲೆ ಎರಡೂ ಇಂಗ್ಲಿಷ್ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ನನ್ನ ತಕರಾರು ಇಷ್ಟೇ: ಇದೊಂದನ್ನೇ ನಂಬಿದರೆ ಕೆಟ್ಟ ಕನ್ನಡವೇ ಗೆಲ್ಲುತ್ತದೆ.

ಯಾರಿಗೆ ಯಾವ ಗುಳಿಗೆ ಎಂದು ಹೇಳುವ ಸಾಲನ್ನೇ ನೋಡಿ. ‘ನಿಮ್ಮನ್ನು ಯಾದೃಚ್ಛಿಕವಾಗಿ ಅಧ್ಯಯನ ಔಷಧ ಅಥವಾ ಪ್ಲಸೀಬೊ ಗುಂಪಿಗೆ ನಿಯೋಜಿಸಲಾಗುವುದು.’ ಯಾದೃಚ್ಛಿಕ ಎಂದರೆ ರ‍್ಯಾಂಡಮ್ ಎಂದು ನಿಘಂಟೇ ಹೇಳುತ್ತದೆ. ಹಾಗಾಗಿ ಮರು ಅನುವಾದ ಮೂಲಕ್ಕೆ ಅಚ್ಚೊತ್ತಿದಂತೆ ಹೊಂದುತ್ತದೆ, ಟಿಕ್ ಬೀಳುತ್ತದೆ. ಮುಂಡರಗಿ ಕಡೆಯ ರೈತನಿಗೆ ಮಾತ್ರ ಅದರಲ್ಲಿ ಏನೂ ತಿಳಿಯುವುದಿಲ್ಲ.

ಅದನ್ನೇ ಹೀಗೆ ಬರೆಯಬಹುದು: ‘ನಿಮಗೆ ಯಾವ ಗುಳಿಗೆ ಅಂತ ಡಾಕ್ಟರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಔಷಧ ಇರುವ ಗುಳಿಗೆ, ಇನ್ನೊಬ್ಬರಿಗೆ ನೋಡಲು ಹಾಗೇ ಇದ್ದರೂ ಔಷಧ ಇಲ್ಲದ ಗುಳಿಗೆ.’ ಇದು ಇಂಗ್ಲಿಷಿಗೆ ಹೋದಾಗ ಮೂಲದಲ್ಲಿಲ್ಲದ ಚೀಟಿ ಕಾಣಿಸಿಕೊಳ್ಳುತ್ತದೆ. ಔಷಧ ಕಂಪನಿಯವರು ಕೆಂಪು ಗೆರೆ ಎಳೆದು, ಪದಕ್ಕೆ ಪದ ಇರಲಿ ಎನ್ನುತ್ತಾರೆ. ಆಗ ಸಾಲನ್ನು ಮತ್ತೆ ‘ಯಾದೃಚ್ಛಿಕ’ಕ್ಕೆ ಮರಳಿಸಬೇಡಿ. ತಾಳೆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಹಾಕಿ, ಪದ ಬದಲಾಗಿದೆ, ಅರ್ಥ ಬದಲಾಗಿಲ್ಲ ಎಂದು ಕಾರಣ ಸಮೇತ ಬರೆಯಿರಿ.

ಹಾಗಂತ ಮರು ಅನುವಾದ ದಂಡವಲ್ಲ. ಬಿಟ್ಟುಹೋದ ‘ಇಲ್ಲ’, ತಪ್ಪಿದ ಅಂಕಿ, ‘ವಾಂತಿ ಆಗಬಹುದು’ ಎಂಬಲ್ಲಿ ‘ಆಗುತ್ತದೆ’ ಎಂದಾದದ್ದು, ಇವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಮರು ಅನುವಾದಕರು ಔಷಧ ಟ್ರಯಲ್ ಬಲ್ಲವರಾದರೆ ಅದೂ ಕೆಡುತ್ತದೆ. ಕನ್ನಡದಲ್ಲಿ ತಪ್ಪಾಗಿ ಬರೀ ‘ಚಿಕಿತ್ಸೆ’ ಎಂದಿದ್ದರೂ ಅವರ ಕೈ ತಾನಾಗಿ ‘ಅಧ್ಯಯನ ಔಷಧ’ ಎಂದು ತಿದ್ದಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಎರಡೂ ಭಾಷೆ ಬಲ್ಲ, ಟ್ರಯಲ್ ಗೊತ್ತಿಲ್ಲದವರನ್ನು ಹುಡುಕಿ. ಒರಟಾಗಿದ್ದರೆ ಒರಟಾಗಿಯೇ ಬರೆಯಿರಿ ಎಂದು ಮೊದಲೇ ಹೇಳಿ.

ಇನ್ನು ಅರ್ಥವಾಗಿದೆಯೋ ಇಲ್ಲವೋ ಎಂಬುದು ಇಂಗ್ಲಿಷಿನಲ್ಲಿ ಸಿಗುವ ಉತ್ತರವಲ್ಲ. ಟ್ರಯಲ್‌ಗೆ ಸೇರದ ಐದಾರು ಹಳ್ಳಿ ಜನರಿಗೆ, ಓದು ಬಾರದವರೂ ಇರುವಂತೆ, ಪತ್ರ ಓದಿ ಹೇಳಿ. ‘ತಿಳೀತೇನ್ರಿ?’ ಎಂದರೆ ಎಲ್ಲರೂ ‘ಹೂಂ’ ಅಂತಾರೆ. ‘ನಿಮಗ ಯಾವ ಗುಳಿಗಿ ಅಂತ ಯಾರು ಆರಸ್ತಾರ‍್ರಿ?’ ಎಂದು ಕೇಳಿ. ‘ಡಾಕ್ಟರ್ ಸಾಹೇಬ್ರ’ ಎಂದರೆ ಸಾಲು ಸೋತಿದೆ. ಮೇಲಿನ ಸರಳ ಸಾಲೂ ಇಲ್ಲಿ ಎಡವಬಹುದು: ಚೀಟಿ ಎಂದರೆ ಡಾಕ್ಟರು ಬರೆದುಕೊಡುವ ಔಷಧದ ಚೀಟಿಯೂ ಹೌದು. ‘ಇಬ್ಬರಲ್ಲಿ ಒಬ್ಬರಿಗೆ’ ಎಂಬುದನ್ನು ಜೊತೆಗೆ ಬಂದ ಗಂಡ ಹೆಂಡತಿ ತಮಗೇ ಅನ್ವಯಿಸಿಕೊಂಡಾರು. ‘ಹೆಸರು ಬರೆದ ಚೀಟಿ ಹಾಕಿ ಎತ್ತಿದ ಹಾಗೆ’, ‘ಸೇರಿದವರಲ್ಲಿ ಸುಮಾರು ಅರ್ಧ ಜನರಿಗೆ’ ಎಂದರೆ ಗೊಂದಲ ಕಡಿಮೆ.

ತಿದ್ದಿದ ಸಾಲುಗಳನ್ನು ಮತ್ತೆ ಮರು ಅನುವಾದ ಮಾಡಿಸಿ, ಹೊಸ ಆವೃತ್ತಿ ಸಂಖ್ಯೆ, ದಿನಾಂಕ ಹಾಕಿ ಕಮಿಟಿಗೆ ಕಳಿಸಬೇಕು. ಅನುಮತಿ ಬರುವ ತನಕ ಆ ಪ್ರತಿಯ ಮೇಲೆ ಒಂದು ಹೆಬ್ಬೆಟ್ಟೂ ಬೀಳಬಾರದು.