ಸ್ಟೀರಿಂಗ್ ತಿರುಗಿಸಿದರೆ ಕಾರಿನ ಗೋಳು

ನೇರ ರಸ್ತೆಯಲ್ಲಿ ನನ್ನ ಕಾರಿನಷ್ಟು ಸಂಭಾವಿತ ಕಾರು ಇನ್ನೊಂದಿಲ್ಲ. ಪಾರ್ಕ್ ಮಾಡಲು ಫುಲ್ ಕಟ್ ಹೊಡೆದರೆ ಮಾತ್ರ ಬಾನೆಟ್ ಒಳಗಿಂದ "ಊಂಂಂ" ಅಂತ ರಾಗ ಶುರು. ರೇಸ್ ಕೊಟ್ಟರೆ ರಾಗ ಮೇಲಕ್ಕೇರುತ್ತದೆ. ಸ್ಟೀರಿಂಗ್ ಬೇರೆ ಕಲ್ಲಿನಷ್ಟು ಭಾರ. ರಿವರ್ಸ್ ತೆಗೆದು ನಿಲ್ಲಿಸುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿತ್ತು.

ಪಕ್ಕದ ಮನೆಯ ಅಂಕಲ್ ಕಾಂಪೌಂಡ್ ಆಚೆಯಿಂದಲೇ ತೀರ್ಪು ಕೊಟ್ಟರು. "ಪವರ್ ಸ್ಟೀರಿಂಗ್ ಪಂಪ್ ಹೋಗಿದೆ. ಹೊಸದು ಹಾಕಿಸಿ ಬಿಡಿ." ಅವರಿಗೆ ಏನು ಕೆಟ್ಟರೂ ಪೂರ್ತಿ ಹೋದ ಲೆಕ್ಕವೇ. ಬೆಲ್ಟ್ ಇರಬಹುದು ಅಂತ ನಮ್ಮ ಭಾವನ ವಾದ. ಆದರೆ ಬೆಲ್ಟ್ ಜಾರಿದರೆ "ಕೀಂಚ್" ಅಂತ ಚೀರುತ್ತದೆ, ಹೀಗೆ ನರಳುವುದಿಲ್ಲ. ಎಂಜಿನ್ ಆಫ್ ಮಾಡಿ ಒತ್ತಿ ನೋಡಿದೆ. ಬೆಲ್ಟ್ ಬಿಗಿಯಾಗಿಯೇ ಇತ್ತು, ಬಿರುಕೂ ಇರಲಿಲ್ಲ.

ಈ ಭಾರ ನಿಧಾನಕ್ಕೆ ಹೋಗುವಾಗ ಮಾತ್ರ ಯಾಕೆ? ಕಾರು ನಿಂತಲ್ಲೇ ಚಕ್ರ ತಿರುಗಿಸಿದರೆ ಟೈರು ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕು. ಆಯಿಲ್ ತಳ್ಳಿ ಸ್ಟೀರಿಂಗ್ ಹಗುರ ಮಾಡುವ ಪಂಪಿನ ಸಹಾಯ ಜಾಸ್ತಿ ಬೇಕಾಗುವುದು ಆಗಲೇ. ಆದರೆ ಪಂಪ್ ಓಡುವುದು ಎಂಜಿನ್ ಬೆಲ್ಟಿನಿಂದ. ಎಂಜಿನ್ ಐಡ್ಲಿಂಗ್‌ನಲ್ಲಿದ್ದರೆ ಪಂಪೂ ನಿಧಾನ. ಹೆದ್ದಾರಿಯಲ್ಲಿ ಪಂಪ್ ಜೋರಾಗಿ ತಿರುಗುತ್ತದೆ, ಆಗ ಅದರ ಸಹಾಯವೇ ಅಷ್ಟಾಗಿ ಬೇಡ. ಕೆಲವು ನೆಂಟರೂ ಹೀಗೇ ಅಲ್ವಾ? (ಭಾವ ಇದನ್ನು ಓದುವುದಿಲ್ಲ ಅನ್ನೋ ಧೈರ್ಯ.)

ಟೈರಿನ ಗಾಳಿ ನೋಡಿದೆ, ಸರಿ ಇತ್ತು. ಸ್ಟೀರಿಂಗ್ ಆಯಿಲ್ ಡಬ್ಬಿ ನೋಡಿದೆ. ಆಯಿಲ್ MIN ಮತ್ತು MAX ಗೆರೆಗಳ ಮಧ್ಯೆ ನೆಟ್ಟಗೆ ನಿಂತಿತ್ತು. ಬಹಳಷ್ಟು ಜನ ಇಲ್ಲಿಗೇ ಮುಚ್ಚಳ ಹಾಕಿ ಪಂಪಿನ ರೇಟ್ ಕೇಳಲು ಹೊರಡುತ್ತಾರೆ. ನಾನು ಎಂಜಿನ್ ಸ್ಟಾರ್ಟ್ ಮಾಡಿ, ಮುಚ್ಚಳ ತೆಗೆದು ಸುಮ್ನೆ ನೋಡುತ್ತಾ ನಿಂತೆ. ಆಯಿಲ್ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ, ಸೋಪಿನ ನೊರೆ ತರಹ. ಎಂಜಿನ್ ಆಫ್ ಮಾಡಿದ ತಕ್ಷಣ ಆಯಿಲ್ ಮಟ್ಟ ಒಂದು ಬೆರಳಿನಷ್ಟು ಮೇಲೆದ್ದಿತು. ಯಾರೂ ಆಯಿಲ್ ಹುಯ್ಯದೆ ಮಟ್ಟ ಏರುತ್ತಾ? ಒಳಗೆ ಒತ್ತಡದಲ್ಲಿ ಮುದುಡಿಕೊಂಡಿದ್ದ ಗಾಳಿ ಹಿಗ್ಗಿದ್ದರಿಂದ ಹಾಗಾಯಿತು. ಗಾಳಿ ಸೇರಿದ ಆಯಿಲ್ ತಳ್ಳುವ ಬದಲು ಮುದುಡಿಕೊಳ್ಳುತ್ತದೆ. ಸ್ಟೀರಿಂಗ್ ಭಾರವಾಗುವುದೂ, ಪಂಪ್ ಅಳುವುದೂ ಅದಕ್ಕೇ.

ಸರಿ, ಗಾಳಿ ಬಂದದ್ದೆಲ್ಲಿಂದ? ನೆಲದ ಮೇಲೆ ಒಂದು ತೊಟ್ಟು ಆಯಿಲ್ ಇಲ್ಲ. ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನ ಮೇಲೆ ನನಗೆ ಗುಮಾನಿ. ಆ ಪೈಪಿನಲ್ಲಿ ಪಂಪ್ ಆಯಿಲನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಸಂದು ಬಿಟ್ಟರೆ ಆಯಿಲ್ ಹೊರಗೆ ಬರುವ ಮೊದಲು ಗಾಳಿ ಒಳಗೆ ಹೋಗುತ್ತದೆ. ಕ್ಲಾಂಪ್ ಹತ್ತಿರ ಬೆರಳಾಡಿಸಿದರೆ ಸ್ವಲ್ಪ ಜಿಡ್ಡು, ಅಷ್ಟೇ. ಎಂಜಿನ್ ಆಫ್ ಇದ್ದಾಗ ಆ ಸಂದಿಗೆ ಸುತ್ತಲೂ ಸ್ಟೀರಿಂಗ್ ಆಯಿಲನ್ನೇ ಧಾರಾಳವಾಗಿ ಸವರಿದೆ. ಸ್ಟಾರ್ಟ್ ಮಾಡಿದರೆ ಕೂಗು ಅರ್ಧಕ್ಕರ್ಧ ಇಳಿಯಿತು! ಸವರಿದ ಆಯಿಲ್ ಒಳಗೆ ಹೋಗಿ ಮುಗಿದ ಮೇಲೆ ಮತ್ತೆ ಅದೇ ರಾಗ. ಕಳ್ಳ ಸಿಕ್ಕಿಬಿದ್ದ. ಪೈಪ್ ಬಿಚ್ಚಿದರೆ ತುದಿಯ ರಬ್ಬರ್ ಒಣಗಿ ಗಡಸಾಗಿ ಸೀಳಿತ್ತು. ಇದಿರುವಾಗ ಹೊಸ ಪಂಪ್ ಹಾಕಿದ್ದರೆ ಹೊಸ ಪಂಪೂ ಅಳುತ್ತಿತ್ತು, ನಾನೂ ಜೊತೆಗೆ.

ಪೈಪು, ಕ್ಲಾಂಪು ಎರಡನ್ನೂ ಬದಲಿಸಿ, ಕಾರಿನ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ತುಂಬಿಸಿದೆ. ಇದರಲ್ಲಿ ಚೌಕಾಸಿ ಬೇಡ. ಕೆಲವು ಕಾರಿಗೆ ಆಟೋಮ್ಯಾಟಿಕ್ ಗೇರಿನ ಆಯಿಲ್, ಕೆಲವಕ್ಕೆ ಬೇರೆಯೇ ಆಯಿಲ್. ಬಣ್ಣ ನೋಡಿ ಹುಯ್ಯುವಂತಿಲ್ಲ.

ಇನ್ನು ಒಳಗಿನ ಗಾಳಿ ತೆಗೆಯಬೇಕಿತ್ತು. ಮುಂದಿನ ಚಕ್ರ ಎತ್ತಿ, ಜಾಕ್ ಮೇಲೆ ಮಾತ್ರ ನಂಬಿಕೆ ಇಡದೆ ಸ್ಟ್ಯಾಂಡ್ ಕೊಟ್ಟೆ. ಎಂಜಿನ್ ಆಫ್, ಸ್ಟೀರಿಂಗ್ ಲಾಕ್ ಬಿಡಲು ಕೀಲಿ ಮಾತ್ರ ತಿರುಗಿಸಿತ್ತು. ಹೆಂಡತಿ ಸ್ಟೀರಿಂಗ್ ಹಿಡಿದು ಕೂತಳು. ನಾನು ಡಬ್ಬಿ ಮುಂದೆ.

"ನಿಧಾನಕ್ಕೆ ಎಡಕ್ಕೆ ಫುಲ್. ಈಗ ಬಲಕ್ಕೆ ಫುಲ್. ಮತ್ತೆ ಎಡಕ್ಕೆ..."

"ನಾವು ಹೋಗ್ತಿರೋದು ಎಲ್ಲಿಗೆ ರೀ?"

ಇಪ್ಪತ್ತು ಸಲವಾದರೂ ತಿರುಗಿಸಿರಬೇಕು. ಪ್ರತಿ ಸಲವೂ ಗುಳುಗುಳು ಅಂತ ಗುಳ್ಳೆ ಮೇಲೆ ಬಂತು. ಮಟ್ಟ ಇಳಿದಂತೆಲ್ಲ ಆಯಿಲ್ ಸೇರಿಸಿದೆ. ಗುಳ್ಳೆ ನಿಂತ ಮೇಲೆ ಎಂಜಿನ್ ಹಾಕಿ ಮತ್ತೊಮ್ಮೆ ಎಡ, ಬಲ. ಫುಲ್ ಕಟ್‌ನಲ್ಲಿ ಹಿಡಿದುಕೊಂಡು ಕೂರಬೇಡ, ಆಯಿಲ್ ಕಾದು ಪಂಪಿಗೆ ಪೆಟ್ಟಾಗುತ್ತೆ ಅಂದೆ. "ಬಿಟ್ಟರೆ ಸಾಕು ಅಂತ ನಾನೇ ಕಾಯ್ತಿದೀನಿ" ಅಂದಳು.

ರಾಗ ನಿಂತಿತು, ಸ್ಟೀರಿಂಗ್ ಒಂದೇ ಕೈಗೆ ತಿರುಗಿತು. ಇದನ್ನೆಲ್ಲ ಕಾಂಪೌಂಡ್ ಆಚೆಯಿಂದ ನೋಡುತ್ತಿದ್ದ ಅಂಕಲ್‌ಗೆ ಹುಮ್ಮಸ್ಸು ಬಂದು, ಮರುದಿನ ತಮ್ಮ ಕಾರಿನ ಬಾನೆಟ್ ಎತ್ತಿದರು. ಅವರದ್ದು ಮೋಟರಿನ ಸ್ಟೀರಿಂಗ್, ಆಯಿಲ್ ಡಬ್ಬಿಯೇ ಇಲ್ಲ. ಅವರೇನು ಬಿಡ್ತಾರಾ? ಕಂಡ ಒಂದು ಡಬ್ಬಿಯ ಮುಚ್ಚಳ ತೆಗೆದು, ನನ್ನ ಹತ್ತಿರ ಉಳಿದಿದ್ದ ಆಯಿಲ್ ಇಸ್ಕೊಂಡು ಬಗ್ಗಿದ್ದರು. ಅದು ಬ್ರೇಕಿನ ಡಬ್ಬಿ. ಬ್ರೇಕಿಗೆ ಆ ಆಯಿಲ್ ಸೇರಿದರೆ ಒಳಗಿನ ರಬ್ಬರ್ ಎಲ್ಲ ಊದಿ ಹಾಳಾಗಿ, ಬ್ರೇಕೇ ಕೈಕೊಡುತ್ತದೆ. ಓಡಿಹೋಗಿ ಬಾಟಲಿ ಕಿತ್ತುಕೊಂಡೆ.

"ಉಳಿದಿದ್ದನ್ನ ಕೊಡೋಕೂ ಇಷ್ಟು ಜಿಪುಣತನಾನಾ?" ಅಂದರು ಅಂಕಲ್.