ಎರಡು ಆರರ ಕೈಗೆ ಎಷ್ಟನೇ ತೂತು?

ಅಮ್ಮನಿಗೆ ಒಂದು ಫಿಟ್‌ನೆಸ್ ಬ್ಯಾಂಡ್ ಕೊಡಿಸೋಣ ಅಂತ ಹೊರಟೆ. ಅದರ ಬೆಲ್ಟ್ ಎರಡು ಅಳತೆಯಲ್ಲಿತ್ತು. ಮಣಿಕಟ್ಟಿನ ಸುತ್ತಳತೆ 140ರಿಂದ 180 ಮಿಲಿಮೀಟರ್ ಇದ್ದವರಿಗೆ ಸ್ಮಾಲ್, 180ರಿಂದ 220 ಇದ್ದವರಿಗೆ ಲಾರ್ಜ್. ಊರಿಗೆ ಫೋನ್ ಮಾಡಿ, "ಅಮ್ಮಾ, ನಿನ್ನ ಕೈ ಅಳತೆ ಎಷ್ಟು?" ಅಂದೆ.

"ಎರಡು ಆರು" ಅಂದಳು. ಮದುವೆಯಾದಾಗಿನಿಂದ ಬಳೆ ಅಂಗಡಿಯಲ್ಲಿ ಹೇಳಿಕೊಂಡು ಬಂದ ಲೆಕ್ಕ.

ಎರಡು ಆರು ಅಂದರೆ ಎರಡು ಇಂಚಿನ ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ಆರು ಪಾಲು. ಅದು ಬಳೆಯ ಒಳಗಿನ ಅಡ್ಡಳತೆ. ಅದಕ್ಕೇ ಅಂಗಡಿಯಲ್ಲಿ 2.8 ಆದಮೇಲೆ 2.10 ಬರುತ್ತದೆ, ದೊಡ್ಡದೂ ಆಗಿರುತ್ತದೆ. ಗಣಿತದ ಮೇಷ್ಟ್ರು ಒಪ್ಪಲಿಕ್ಕಿಲ್ಲ. ಇಷ್ಟು ಗೊತ್ತಿದ್ದ ನಾನು ಜಾಣತನ ತೋರಿಸಿದೆ. ಎರಡು ಆರು ಅಂದರೆ ಸುಮಾರು 60 ಮಿಲಿಮೀಟರ್. ಅದನ್ನು 3.14ರಿಂದ ಗುಣಿಸಿದರೆ ಸುತ್ತಳತೆ 189. ಸರಿ, ಲಾರ್ಜ್!

ಬ್ಯಾಂಡ್ ಬಂತು. ಡಯಲ್‌ಗೆ ಹತ್ತಿರದ ತೂತೇ ಎಲ್ಲಕ್ಕಿಂತ ಬಿಗಿ, ಅಲ್ವಾ? ಅದಕ್ಕೆ ಹಾಕಿದರೂ ಅದು ಅಮ್ಮನ ಮೊಣಕೈವರೆಗೆ ಓಡಾಡುತ್ತಿತ್ತು. ತಪ್ಪು ಗುಣಾಕಾರದ್ದಲ್ಲ. ಬಳೆಗೆ ಬೇಕಾದದ್ದು ಅಂಗೈ ದಾಟುವ ಅಳತೆ. ಹೆಬ್ಬೆರಳನ್ನು ಒಳಗೆ ಮಡಚಿದಾಗ ಕೈ ಎಷ್ಟು ದಪ್ಪವೋ ಅಷ್ಟು. ಬೆಲ್ಟ್ ಏನನ್ನೂ ದಾಟಬೇಕಿಲ್ಲ. ಅದು ಬಿಚ್ಚಿಕೊಂಡು ಬಂದು ಮಣಿಕಟ್ಟನ್ನು ಸುತ್ತುತ್ತದೆ.

ಅಪ್ಪ ಮೊಳೆ ಕಾಯಿಸಲು ಗ್ಯಾಸ್ ಹಚ್ಚಿಯೇ ಬಿಟ್ಟಿದ್ದರು. ಚರ್ಮದ ಬೆಲ್ಟಿಗೆ ಅವರು ಹಾಗೆ ತೂತು ಮಾಡಿದ್ದುಂಟು. ಆದರೆ ಇದು ಸಿಲಿಕೋನ್. ಕಾದ ಮೊಳೆಗೆ ಅದು ನೀಟಾಗಿ ಕರಗುವುದಿಲ್ಲ. ಅಂಚು ಒರಟಾದರೆ ಅಲ್ಲಿಂದಲೇ ಹರಿಯಲು ಶುರು. ಅಲ್ಲದೆ ಒಂದು ತೂತಿನಿಂದ ಮುಗಿಯುವ ಮಾತೂ ಆಗಿರಲಿಲ್ಲ.

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಿದ್ದ ಕೆಲಸ. ಹೂ ಕಟ್ಟುವ ದಾರ ತಂದೆವು. ಮಣಿಕಟ್ಟಿನ ಹೊರಗಡೆ ಉಬ್ಬಿದ ಮೂಳೆ ಇದೆಯಲ್ಲ, ಅದರ ಮೇಲಲ್ಲ, ಅದರಿಂದ ಮೊಣಕೈ ಕಡೆಗೆ ಒಂದು ಬೆರಳು ಹಿಂದೆ ದಾರ ಸುತ್ತಬೇಕು. ಬ್ಯಾಂಡ್ ಕೂರುವ ಜಾಗ ಅದು. ದಾರ ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಅಮ್ಮ ದಾರವನ್ನು ಸ್ಕೇಲಿಗೆ ಹಿಡಿದು "ಹದಿನಾಲ್ಕೂವರೆ" ಅಂದಳು. ನೋಡಿದರೆ ಸ್ಕೇಲಿನ ತುದಿಯಿಂದ ಹಿಡಿದಿದ್ದಳು. ಸೊನ್ನೆ ಗೆರೆ ಅಲ್ಲಿಂದ ಅರ್ಧ ಸೆಂಟಿಮೀಟರ್ ಒಳಗಿತ್ತು. ನಿಜವಾದ ಅಳತೆ 15 ಸೆಂಟಿಮೀಟರ್, ಅಂದರೆ 150 ಮಿಲಿಮೀಟರ್. ನನ್ನ 189 ಎಲ್ಲಿ, ಇದೆಲ್ಲಿ!

ಅರ್ಧ ಸೆಂಟಿಮೀಟರಿಗೆ ಯಾಕಿಷ್ಟು ರಂಪ ಅಂದರೆ, ಬೆಲ್ಟಿನ ಒಂದು ತೂತಿಗೂ ಇನ್ನೊಂದಕ್ಕೂ ಇರುವುದೇ ಅಷ್ಟು. ಬದಲಾಯಿಸಿ ತರಿಸಿದ ಸ್ಮಾಲ್ ಬೆಲ್ಟಿನಲ್ಲಿ ತೂತಿನಿಂದ ತೂತಿಗೆ ಸುಮಾರು 6 ಮಿಲಿಮೀಟರ್. ಮೊದಲನೆಯದು 140, ಎರಡನೆಯದು 146, ಮೂರನೆಯದು 152. ಅಮ್ಮನ 150 ಎರಡಕ್ಕೂ ಮೂರಕ್ಕೂ ನಡುವೆ ಬಿತ್ತು. ಒಂದು ತೂತು ಸಡಿಲಿಸಿದರೆ ಸುತ್ತಳತೆ 6 ಹೆಚ್ಚುತ್ತದೆ, ಅಡ್ಡಳತೆ ಸುಮಾರು 2. ಅಂದರೆ ಕೈಯ ಸುತ್ತ ಬರೀ ಒಂದು ಮಿಲಿಮೀಟರ್ ಜಾಗ. ಬ್ಯಾಂಡಿಗೆ ಅಷ್ಟೇ ಸಾಕು, ಲೆಕ್ಕ ಕೆಡಲೂ ಸಾಕು. ಅದರ ಬೆನ್ನಲ್ಲಿರುವ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ರಕ್ತದ ಹರಿವಿನ ಏರಿಳಿತ ನೋಡಿ ಎದೆಬಡಿತ ಎಣಿಸುತ್ತದೆ. ಬ್ಯಾಂಡ್ ಅಲ್ಲಾಡಿದರೆ ಎದೆಬಡಿತದ ಬದಲು ಹೆಜ್ಜೆಯ ಲಯವನ್ನೇ ಎಣಿಸಿಬಿಡಬಹುದು. ಸಡಿಲವೋ ಅಂತ ನೋಡಲು ರಾತ್ರಿ ದೀಪ ಆರಿಸಿ. ಅಂಚಿನಿಂದ ಹಸಿರು ಬೆಳಕು ಜಾಸ್ತಿ ಸೋರುತ್ತಿದ್ದರೆ ಒಂದು ತೂತು ಬಿಗಿ ಮಾಡಿ. ಬಿಚ್ಚಿದ ಮೇಲೂ ಬಹಳ ಹೊತ್ತು ಕೈಮೇಲೆ ಗೆರೆ ಉಳಿದರೆ ಒಂದು ಸಡಿಲ ಮಾಡಿ.

ತೂತು ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅಂದುಕೊಂಡಿದ್ದೆ. ಒಬ್ಬರಿಗೇ ಎರಡು ಬೇಕು. ಬಿಸಿಲಲ್ಲಿ ನಡೆದು ಬಂದರೆ, ಸಂಜೆಯಾದರೆ ಕೈ ಸ್ವಲ್ಪ ಊದುತ್ತದೆ. ಅಮ್ಮ ಬೆಳಿಗ್ಗೆ ವಾಕಿಂಗಿಗೆ ಎರಡನೇ ತೂತು, ಮನೆಗೆ ಬಂದಮೇಲೆ ಮೂರನೆಯದು. ಅದಕ್ಕೇ ಅಳತೆ ಒಂದು ಕೊನೆಗೆ ಬರುವಂಥ ಬೆಲ್ಟ್ ಬೇಡ. ಆಚೀಚೆ ಒಂದಾದರೂ ತೂತು ಖಾಲಿ ಇರಲಿ. ತುದಿಯ ತೂತಿಗೆ ಹಾಕಿದರೆ ಬೆಲ್ಟಿನ ಬಾಲ ಅದನ್ನು ಸಿಕ್ಕಿಸುವ ಕುಣಿಕೆಗೇ ಎಟುಕದೆ ಮೇಲೆದ್ದು ನಿಲ್ಲುತ್ತದೆ, ಅಂಗಿ ತೋಳಿಗೆ ಸಿಕ್ಕಿಕೊಳ್ಳುತ್ತದೆ.

ಅಪ್ಪನ ಹಳೆಯ ಎಚ್‌ಎಂಟಿ ವಾಚಿನ ಚರ್ಮದ ಬೆಲ್ಟ್ ತಿರುಗಿಸಿ ನೋಡಿದೆ. ಐದು ತೂತಿನಲ್ಲಿ ಒಂದು ಮಾತ್ರ ಮೊಟ್ಟೆಯ ಹಾಗೆ ಉದ್ದವಾಗಿತ್ತು. ಬಕಲಿನ ಮುಳ್ಳು ವರ್ಷಗಟ್ಟಲೆ ಎಳೆದದ್ದು. ಆದರೆ ಈಗ ಅವರು ಹಾಕುವುದು ಅದರ ಹಿಂದಿನದಕ್ಕೆ, ಬಿಗಿಯ ಕಡೆಗೆ. ಅದು ಇನ್ನೂ ಗುಂಡಗಿದೆ.

"ಯಾವಾಗಿನಿಂದ?" ಅಂದೆ. "ಇದು ಹೋದ ವರ್ಷದಿಂದ" ಅಂದರು.