ನಾಲ್ವರಿಗೂ ಇಪ್ಪತ್ತು ಇಪ್ಪತ್ತು

ಫೈನಲ್ ಇಯರ್ ಪ್ರಾಜೆಕ್ಟಿಗೆ ಮಾರ್ಕ್ಸ್ ಹಾಕುವಾಗ ನಮ್ಮ ವಿಭಾಗದ ಮುಖ್ಯಸ್ಥರು, ಎಚ್ಒಡಿ ಸರ್, ವೈಟ್ನರ್ ತರಿಸಿದರು. ಆಫೀಸಿನಿಂದ, ಅಟೆಂಡರ್ ಕೈಲಿ, ಹುಡುಗರೆಲ್ಲ ಇನ್ನೂ ಲ್ಯಾಬಿನಲ್ಲೇ ನಿಂತಿರುವಾಗ. ನಾನು ಹಾಕಿದ ಮಾರ್ಕ್ಸ್ ಮೇಲೆ ಬಳಿದು, ಬಾಯಿಂದ ಊದಿ ಒಣಗಿಸಿ, ನಾಲ್ಕು ಹೆಸರಿನ ಮುಂದೆಯೂ 20, 20, 20, 20 ಅಂತ ಬರೆದರು. ಪಕ್ಕದ ಕಾಲಮ್ಮಿಗೂ ಅದೇ ಪೂಜೆ. ಆಮೇಲೆ ಶೀಟನ್ನು ನನ್ನ ಕಡೆ ತಳ್ಳಿ, "ಸೈನ್ ಮಾಡಿ ಮೇಡಂ, ಇನ್ನೂ ಮೂರು ಬ್ಯಾಚ್ ಇವೆ" ಅಂದರು.

ಊದಿದ್ದು ಮಾತ್ರ ನನಗೆ ಮರೆಯೋಕೆ ಆಗ್ತಿಲ್ಲ.

ಮಾರ್ಕ್ಸ್ ಹಾಕುವ ಕಮಿಟಿಯಲ್ಲಿ ಎಚ್ಒಡಿ ಇರಲೇಬೇಕು, ಅದು ನಿಯಮ. ಅವರಿಗೆ ಮಾರ್ಕ್ಸ್ ಕೊಡುವ ಹಕ್ಕಿದೆ, ಒಪ್ಪಿದೆ. ಆದರೆ ವಿಟಿಯು 2018ರ ಸ್ಕೀಮಿನಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿನ ಸಿಐಇ, ಅಂದರೆ ಇಂಟರ್ನಲ್ ಮಾರ್ಕ್ಸ್, ಹೇಗೆ ಅಂತ ಅವರೂ ಓದಿದ್ದಾರೆ ತಾನೇ? ನೂರಕ್ಕೆ ರಿಪೋರ್ಟಿಗೆ 50, ಪ್ರೆಸೆಂಟೇಷನ್‌ಗೆ 25, ಪ್ರಶ್ನೋತ್ತರಕ್ಕೆ 25. ರಿಪೋರ್ಟಿನ ಮಾರ್ಕ್ಸ್ ಮಾತ್ರ ಬ್ಯಾಚ್‌ಮೇಟ್‌ಗಳಿಗೆಲ್ಲ ಒಂದೇ ಇರಬೇಕು ಅಂತ ಬರೆದಿದೆ. ಉಳಿದ 50ಕ್ಕೆ ಹಾಗೆ ಬರೆದಿಲ್ಲ. ಬರೆಯದೇ ಬಿಟ್ಟಿದ್ದು ಯಾಕೆ? ಅಲ್ಲಾದರೂ ಒಬ್ಬೊಬ್ಬರನ್ನ ನೋಡಲಿ ಅಂತ ಅಲ್ವಾ?

ನಾನು ನೋಡಿದೆ. ಅದೇ ತಪ್ಪಾಯಿತು ಅಂತೆ.

ಪ್ರಾಜೆಕ್ಟ್ ಏನು ಅಂದರೆ, ಪ್ರತಿ ವರ್ಷ ಯಾರಾದರೂ ಮಾಡುವುದೇ: ಮಣ್ಣಿನ ತೇವ ನೋಡಿ ತಾನೇ ಪಂಪ್ ಹಾಕುವ ಯಂತ್ರ. ಸ್ಲೈಡ್ ತೋರಿಸಿ ಮಾತಾಡಿದವನು ಒಬ್ಬ. ಹುಡುಗ ಚೆನ್ನಾಗಿ ಮಾತಾಡಿದ, ಸುಳ್ಳು ಯಾಕೆ ಹೇಳಲಿ. ಇಂಗ್ಲಿಷು ನೀರು ಹರಿದ ಹಾಗೆ. ಅವನು ಮುಗಿಸಿದ ಮೇಲೆ ನಾನು ಕೇಳಿದೆ: "ಪಂಪ್ ಆನ್ ಆದ ತಕ್ಷಣ ಬೋರ್ಡ್ ರೀಸೆಟ್ ಆಗ್ತಿತ್ತಲ್ಲ, ಹೇಗೆ ಸರಿ ಮಾಡಿದಿರಿ?" ಅವನು ಒಂದು ಕ್ಷಣವೂ ತಡವರಿಸದೆ, "ಕೋಡ್ ಆಪ್ಟಿಮೈಸ್ ಮಾಡಿದೆವು ಮೇಡಂ" ಅಂದ. ಕೋಡ್! ಮೋಟರ್ ಶುರುವಾಗುವಾಗ ಕರೆಂಟ್ ಎಳೆದು ವೋಲ್ಟೇಜ್ ಕುಸಿದರೆ ಕೋಡ್ ಏನು ಮಾಡುತ್ತೆ? ಅದೇ ಪ್ರಶ್ನೆಯನ್ನು ಮೂಲೆಯಲ್ಲಿ ವೈರ್ ಹಿಡಿದು ನಿಂತಿದ್ದ ಹುಡುಗಿಗೆ ಕೇಳಿದೆ. ಇಂಗ್ಲಿಷಿನಲ್ಲಿ ಎರಡು ಪದ ಹೇಳಿ ನಿಂತಳು. ಕನ್ನಡದಲ್ಲೇ ಹೇಳಮ್ಮ ಅಂದೆ. ಪಂಪಿಗೆ ಬೇರೆ ಸಪ್ಲೈ ಕೊಟ್ಟೆ, ಗ್ರೌಂಡ್ ಮಾತ್ರ ಒಂದೇ ಮಾಡಿದೆ, ಆಫ್ ಆಗುವಾಗಿನ ಹೊಡೆತ ತಡೆಯೋಕೆ ಮೋಟರಿಗೆ ಅಡ್ಡ ಡಯೋಡ್ ಹಾಕಿದೆ ಅಂದಳು. ಮೊದಲು ತಂದ ಸೆನ್ಸರಿನ ಕಡ್ಡಿಗಳು ಮಣ್ಣಲ್ಲಿ ತುಕ್ಕು ಹಿಡಿದು ರೀಡಿಂಗ್ ಕೆಟ್ಟಿದ್ದು, ಆಮೇಲೆ ಕೆಪ್ಯಾಸಿಟಿವ್ ಸೆನ್ಸರಿಗೆ ಬದಲಾಯಿಸಿದ್ದು, ಅದನ್ನೂ ಕೇಳದೇನೇ ಹೇಳಿದಳು. ಪ್ರಶ್ನೋತ್ತರದಲ್ಲಿ ಅವಳಿಗೆ 22, ಅವನಿಗೆ 10 ಹಾಕಿದೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ?

ಪ್ರೆಸೆಂಟೇಷನ್ನಿನ 25ರಲ್ಲಿ ಇತ್ತು ತಲೆನೋವು. ಮಾತಿಗೇ ಪೂರ್ತಿ ಕೊಟ್ಟರೆ ಅವನು ಗೆಲ್ಲುತ್ತಾನೆ. ಮಾತಿಗೆ ಏನೂ ಇಲ್ಲ ಅಂದರೆ ಅದು ಪ್ರೆಸೆಂಟೇಷನ್ ಮಾರ್ಕೇ ಅಲ್ಲ. ಹಾಗಾಗಿ ಒಡೆದೆ. ಮಾತಾಡುವುದಕ್ಕೆ 10, ಅದು ಒಬ್ಬೊಬ್ಬರದು: ಅವನಿಗೆ 9, ಅವಳಿಗೆ 5. ಸ್ಲೈಡು ಮತ್ತು ಡೆಮೋಗೆ 15, ಅದು ಗುಂಪಿನದು: 12 ಕೊಟ್ಟೆ. ಆ 12ನ್ನು ಹಂಚಲು ಮಾತ್ರ ಹುಡುಗರನ್ನೇ ಕೇಳಿದೆ. ಉಳಿದ ಮೂವರು ಹೇಗೆ ಕೆಲಸ ಮಾಡಿದರು ಅಂತ ಚೀಟಿಯಲ್ಲಿ ಗುಟ್ಟಾಗಿ ಬರೆಯಿರಿ ಅಂತ. ಅಂಕಿ ಬರೆಯುವ ಹಾಗಿಲ್ಲ, ಮಾತಲ್ಲಿ ಬರೆಯಬೇಕು. ಆ ಮಾತಿಗೆ ನಾನು ಆಮೇಲೆ 100ರೊಳಗೆ ಅಂಕಿ ಕೊಡುತ್ತೇನೆ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಆಸ್ಟ್ರೇಲಿಯಾದಲ್ಲಿ ಬ್ರೌನ್ ಅನ್ನುವವರು ಮಾಡಿದ್ದು, ಅದನ್ನೇ ತಿದ್ದಿ ಬಳಸಿ ಅಮೆರಿಕದ ಕಾಫ್‌ಮನ್, ಫೆಲ್ಡರ್, ಫುಲ್ಲರ್ 2000ದಲ್ಲಿ ಬರೆದಿದ್ದಾರೆ. ನಾನು ಮಾಡಿದ ಬದಲಾವಣೆ ಅಂದರೆ, ತಮಗೆ ತಾವೇ ಬರೆದುಕೊಳ್ಳುವುದು ಬೇಡ ಅಂದಿದ್ದು.

ಅವಳ ಸರಾಸರಿ 87.5 ಬಂತು. ಇನ್ನಿಬ್ಬರದು 75. ಮಾತುಗಾರನದು 50. ಸ್ನೇಹಿತರೇ ಬರೆದದ್ದು! ಗುಂಪಿನ ಸರಾಸರಿ ಸುಮಾರು 72. ಒಬ್ಬೊಬ್ಬರ ಅಂಕಿಯನ್ನು ಅದರಿಂದ ಭಾಗಿಸಿ, ಬಂದದ್ದನ್ನು 12ಕ್ಕೆ ಗುಣಿಸಬೇಕು. ಆದರೆ ಒಂದು ಕಡಿವಾಣ ಇದೆ, 1.05ಕ್ಕಿಂತ ಮೇಲೆ ಹೋಗುವಂತಿಲ್ಲ. ಯಾಕಂದರೆ ಒಬ್ಬ ಸೋಮಾರಿ ಸರಾಸರಿ ಇಳಿಸಿದರೆ ಉಳಿದವರು ಸುಮ್ನೆ ಮೇಲೇರುತ್ತಾರೆ. ಎಕ್ಸೆಲ್‌ನಲ್ಲಿ ಇಷ್ಟೇ:

```
=ROUND(MIN(1.05, B2/AVERAGE(B$2:B$5))*12, 0)
```

ಅವಳಿಗೆ 1.22 ಬರಬೇಕಿತ್ತು, 1.05ಕ್ಕೆ ನಿಂತಿತು. ಅವನಿಗೆ 0.7. ಅಂದರೆ ಗುಂಪಿನ 12ರ ಬದಲು ಅವಳಿಗೆ 13, ಅವನಿಗೆ 8. ಮಾತಿನದ್ದು ಕೂಡಿಸಿದರೆ ಪ್ರೆಸೆಂಟೇಷನ್ ಅವಳಿಗೆ 18, ಅವನಿಗೆ 17. ಇಷ್ಟೆಲ್ಲ ಕಸರತ್ತು ಮಾಡಿ ಉಳಿದ ವ್ಯತ್ಯಾಸ ಒಂದು ಮಾರ್ಕು! ನಗಬೇಕು ನೀವು. ನಾನೂ ಈಗ ನಗುತ್ತಿದ್ದೇನೆ. ಡಾಲರ್ ಗುರುತು ಎಲ್ಲಿ ಹಾಕಬೇಕು ಅಂತ ರಾತ್ರಿ ಕೂತು ನೋಡಿದ ಮಹಾ ಪಂಡಿತೆ ನಾನು. ಒಂದು ಬಾಟಲಿ ವೈಟ್ನರ್ ಮುಂದೆ ಎಕ್ಸೆಲ್ ಯಾವ ಲೆಕ್ಕ.

ಎಚ್ಒಡಿ ಸರ್ ಹುಡುಗರ ಎದುರಿಗೇ ಕೇಳಿದರು: "ಏನ್ ಮೇಡಂ ಇದು, ಒಬ್ಬರಿಗೆ 22, ಒಬ್ಬರಿಗೆ 10? ತರಕಾರಿ ತೂಗ್ತಾ ಇದೀರಾ?" ಹಿಂದಿನಿಂದ ಯಾರೋ ಕಿಸಕ್ ಅಂದರು. ನಾನು, "ಸರ್, ಆ ಪ್ರಶ್ನೆಗೆ ಅವನಿಗೆ ಉತ್ತರ ಗೊತ್ತಿರಲಿಲ್ಲ" ಅಂದೆ. "ಟೀಮ್ ಅಂದ್ಮೇಲೆ ಒಬ್ಬರಿಗೆ ಗೊತ್ತಿದ್ರೆ ಆಯ್ತಲ್ಲ ಮೇಡಂ" ಅಂದರು. ನನ್ನ ಬಾಯಲ್ಲಿ ಮಾತೇ ಬರಲಿಲ್ಲ. ಚೀಟಿಗಳು ಫೈಲಿನಲ್ಲೇ ಇದ್ದವು. ತೆಗೆದು ತೋರಿಸಬಹುದಿತ್ತಾ? ತೋರಿಸಿದ್ದರೆ ಯಾರು ಯಾರಿಗೆ ಏನು ಬರೆದರು ಅಂತ ಅಲ್ಲೇ ಬಯಲಾಗುತ್ತಿತ್ತು. ಗುಟ್ಟು ಅಂತ ಮಾತು ಕೊಟ್ಟವಳು ನಾನು. ಸುಮ್ಮನೆ ನಿಂತೆ. ಆ ಹುಡುಗಿ ಜಂಪರ್ ವೈರ್ ಒಂದೊಂದಾಗಿ ಕಿತ್ತು, ಬಣ್ಣ ನೋಡಿ ಬೇರೆ ಬೇರೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

ಹೊರಗೆ ಬಂದ ಮೇಲೆ ಸರ್ ಸಮಾಧಾನದ ದನಿಯಲ್ಲಿ, "ಆ ಹುಡುಗಿಗೆ ನೀವು ಒಟ್ಟು ಎಷ್ಟು ಹಾಕಿದ್ರಿ?" ಅಂದರು. ರಿಪೋರ್ಟಿನ 42 ಸೇರಿ 82. "ಈಗಲೂ 82. ಅವಳಿಗೇನು ನಷ್ಟ?" ಅಂದರು. ಲೆಕ್ಕ ಸರಿಯೇ ಇದೆ! ಅವನಿಗೆ 69 ಇದ್ದದ್ದು 82 ಆಯಿತು, ಅಷ್ಟೇ. ಅವಳಿಗೆ ಏನೂ ನಷ್ಟ ಆಗಿಲ್ಲ. ಹೌದು ಬಿಡಿ. ನನಗೇನು? ಪೇರೆಂಟ್ಸ್ ಬಂದು ಕೂಗಾಡಿದರೆ ಎದುರಿಸುವವರು ಅವರೇ ತಾನೇ. ಪ್ಲೇಸ್‌ಮೆಂಟಿನ ಕಟಾಫ್ ತಪ್ಪಿದರೆ ಹುಡುಗನ ಶಾಪ ಯಾರಿಗೆ?

ಇಲ್ಲ, ಬಿಡೋಕೆ ಆಗಲ್ಲ. ಅವಳ 82 ಅವಳದೊಬ್ಬಳದೇ ಆಗಿತ್ತು. ಈಗ ಅದನ್ನು ನೋಡಿ ಅವಳು ಏನು ಮಾಡಿದಳು ಅಂತ ಯಾರಿಗೂ ಗೊತ್ತಾಗಲ್ಲ.

ಚೀಟಿ ಪದ್ಧತಿ ಬ್ರಹ್ಮಾಸ್ತ್ರ ಅಂತ ನಾನು ಹೇಳಲ್ಲ. ಇನ್ನೊಂದು ಬ್ಯಾಚಿನವರು ಮೊದಲೇ ಮಾತಾಡಿಕೊಂಡು ಎಲ್ಲರಿಗೂ "ಅತ್ಯುತ್ತಮ" ಬರೆದಿದ್ದಾರೆ. ಎಲ್ಲರದೂ 1 ಬರುತ್ತೆ, ಅದರಿಂದ ಏನೂ ತಿಳಿಯಲ್ಲ. ಮತ್ತೊಂದರಲ್ಲಿ ಮೂವರು ಸೇರಿ ಒಬ್ಬನನ್ನೇ ಕೆಳಗೆ ಹಾಕಿದ್ದಾರೆ, ಆದರೆ ನನ್ನ ಡೈರಿಯಲ್ಲಿ ಪ್ರತಿ ರಿವ್ಯೂಗೂ ಕೆಲಸ ತಂದು ತೋರಿಸಿದವನು ಅವನೇ. ಹಾಗಾಗಿಯೇ ಪ್ರಶ್ನೆ ಕೇಳಬೇಕು. ಒಬ್ಬೊಬ್ಬರನ್ನೂ, ಬೇರೆಯವರು ಮಾಡಿದ ಭಾಗದ ಮೇಲೂ. ಚೀಟಿ ಮತ್ತು ಉತ್ತರ ಎರಡೂ ಒಂದೇ ಕಡೆ ಬೆಟ್ಟು ಮಾಡಿದರೆ ಮಾತ್ರ ನಂಬಬೇಕು. ಈ ಬ್ಯಾಚಿನಲ್ಲಿ ಎರಡೂ ಒಂದೇ ಕಡೆ ಬೆಟ್ಟು ಮಾಡಿದವು ಸ್ವಾಮಿ!

ಕಮಿಟಿಯಲ್ಲಿದ್ದ ಇನ್ನೊಬ್ಬ ಸರ್ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳಿ. ನೀವೂ ಉತ್ತರ ಕೇಳಿಸಿಕೊಂಡಿರಿ, ಡಯೋಡ್ ಅಂದಾಗ ತಲೆ ಆಡಿಸಿದಿರಿ, ಆಮೇಲೆ ಮೊಬೈಲ್ ನೋಡುತ್ತಾ ಕೂತಿರಿ. ಯಾಕೆ? ಬೇರೆ ಕಾಲೇಜಿನವರಾದರೂ ಹೇಳಿ, ನಿಮ್ಮಲ್ಲಿ ಹೇಗೆ ಮಾಡುತ್ತೀರಿ? ನಾಳೆ ಒಂಬತ್ತೂವರೆಗೆ ಉಳಿದ ಮೂರು ಬ್ಯಾಚ್. ಇವತ್ತಿನ ಶೀಟಿಗೆ ನಾನು ಇನ್ನೂ ಸೈನ್ ಹಾಕಿಲ್ಲ, ಬ್ಯಾಗಿನಲ್ಲೇ ಇದೆ. ಹಾಕಲಾ, ಬೇಡವಾ?